ಅತ್ತೆಯ ಚೌಕಾಸಿ ಭಾಷೆ

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಓದುವವರು ಆಮೇಲೆ ಕಂಡುಹಿಡಿದು ಖುಷಿಪಡುವುದು ಬೇಡ. ಅವಳು ನನಗಿಂತ ಚೆಂದ ಇದ್ದಾಳೆ ಅಂತಲ್ಲ. ಇದ್ದಾಳೆ, ಅದು ಬೇರೆ ಮಾತು. ಅವಳ ತವರು ಭಾರತೀನಗರ, ತಂದೆಗೆ ಕಬ್ಬಿನ ಗದ್ದೆ, ಮಗಳು ಬಿ.ಕಾಂ. ಓದಿದವಳು. ಇದ್ಯಾವುದಕ್ಕೂ ನನ್ನ ತಕರಾರಿಲ್ಲ. ನನ್ನ ಉರಿಯೆಲ್ಲ ಒಂದೇ ವಿಷಯಕ್ಕೆ. ನಮ್ಮ ಅತ್ತೆ ಪೇಟೆಗೆ ಹೊರಟರೆ ಅವರ ಪಕ್ಕದಲ್ಲಿ ನಡೆಯುವವಳು ಯಾರು ಅನ್ನುವುದಕ್ಕೆ.

ಅದು ನನ್ನ ಜಾಗ. ಮದುವೆಯಾಗಿ ಮದ್ದೂರಿಗೆ ಬಂದಾಗಿನಿಂದ ನನ್ನದೇ.

ಆ ಜಾಗ ನನಗೆ ಸುಮ್ಮನೆ ಸಿಕ್ಕಿದ್ದಲ್ಲ. ನನ್ನ ತವರು ಮಂಡ್ಯ. ಅಪ್ಪ ಕಚೇರಿಯ ಗುಮಾಸ್ತರು, ಅಂಗಡಿಯವನು ಹೇಳಿದಷ್ಟನ್ನು ಎಣಿಸಿ ಕೊಟ್ಟು ಚೀಲ ಹಿಡಿದು ಬರುವವರು. ಚೌಕಾಸಿ ಮಾಡಿದರೆ ಮರ್ಯಾದೆ ಹೋಗುತ್ತದೆ ಅಂತ ಅವರ ನಂಬಿಕೆ. ಅಂಥ ಮನೆಯಿಂದ ಬಂದ ನಾನು ಮೊದಲ ಸಲ ಅತ್ತೆಯ ಜೊತೆ ಮಳವಳ್ಳಿ ಸಂತೆಗೆ ಹೋದೆ. ಒಬ್ಬಳ ಮುಂದೆ ಬಿದಿರಿನ ಮೊರಗಳಿದ್ದವು, ಎಷ್ಟು ನೀಟಾಗಿ ಹೆಣೆದಿದ್ದಳೆಂದರೆ ನನ್ನ ಬಾಯಿ ತಡೆಯಲಿಲ್ಲ. "ಅಯ್ಯೋ ಅತ್ತೆ, ಎಷ್ಟು ಚೆನ್ನಾಗಿದೆ ನೋಡಿ!" ಅಂದೆ. ಅಷ್ಟೇ. ಮೊರದವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಅತ್ತೆ ಎಷ್ಟು ಜಗ್ಗಿದರೂ ಅವಳು ಒಂದು ರೂಪಾಯಿ ಇಳಿಯಲಿಲ್ಲ. ಇಳಿಯುವುದೇಕೆ? ಸೊಸೆಗೆ ಇಷ್ಟವಾಗಿದೆ ಅಂತ ಇಡೀ ಸಂತೆಗೆ ಕೇಳಿಸಿತ್ತಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದರು: "ನೋಡು ಕಣಮ್ಮಿ, ಯಾಪಾರ್ದಲ್ಲಿ ಇಷ್ಟ ಆಗಿದ್ನ ಇಷ್ಟ ಅನ್ಬಾರ್ದು. ನಂಗೆ ಬೇಕು ಅನ್ಸುದ್ರೆ 'ಬಣ್ಣ ಬುಡ್ತದೇನೋ' ಅಂತೀನಿ. ಆಗ ನೀನು ಅದ್ನ ಬುಡ್ಬೇಡ, ರೇಟು ಹಿಡ್ಕೊ. ಬ್ಯಾಡ ಅನ್ಸುದ್ರೆ 'ಲಕ್ಸಣವಾಗೈತೆ' ಅಂತೀನಿ. ಆಗ ಎದ್ಬುಡು. 'ಬಸ್ಸು ಎಷ್ಟೊತ್ಗೆ' ಅಂತ ಕೇಳುದ್ರೆ ಇನ್ನೂ ರೇಟು ಜಾಸ್ತಿ ಅದೆ ಅಂತ. ಚೀಲ ಎತ್ಕೊಂಡು ನಡೀತಾ ಇರು, ಅವನೇ ಕರೀತಾನೆ."

ಮನೆಗೆ ಬಂದ ಹೊಸತರಲ್ಲಿ ಬೀಗದ ಕೈ ಕೊಟ್ಟಿದ್ದರೂ ನನಗೆ ಅಷ್ಟು ಹೆಮ್ಮೆ ಆಗುತ್ತಿರಲಿಲ್ಲ. ಮನೆಯಲ್ಲಿ ಮಗಳಿದ್ದಳು, ಇಬ್ಬರು ಗಂಡುಮಕ್ಕಳಿದ್ದರು, ಮಾವನಿದ್ದರು. ಯಾರಿಗೂ ಗೊತ್ತಿಲ್ಲದ ಒಂದು ಭಾಷೆ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಒಮ್ಮೆ ಮಂಡ್ಯದಲ್ಲಿ ಹಿತ್ತಾಳೆ ಕೊಳಗ ನೋಡಿ ಅತ್ತೆ ಮರೆತು "ಬಣ್ಣ ಬುಡ್ತದೇನೋ" ಅಂದುಬಿಟ್ಟರು. ಪಾತ್ರೆ ಅಂಗಡಿಯವನು ಕಣ್ಣು ಬಿಟ್ಟುಕೊಂಡು ನೋಡಿದ. ನಾನು ನಗು ತಡೆಯಲಾಗದೆ ಕೆಮ್ಮಿದೆ, ಅತ್ತೆಯೂ ಕೆಮ್ಮಿದರು. ಕೊಳಗವನ್ನು ಒಳ್ಳೆಯ ಬೆಲೆಗೇ ತಂದೆವು.

ಭಾಷೆಯ ಜೊತೆಗೆ ಅತ್ತೆಯದು ಒಂದು ಕಾನೂನೂ ಇತ್ತು. ಬೆಲೆ ಎಷ್ಟು ಬೇಕಾದರೂ ಕೇಳು, ಸಾಮಾನು ತಿರುಗಿಸಿ ಮುರುಗಿಸಿ ನೋಡು, ಆದರೆ ನಿನ್ನ ಬಾಯಿಂದ ಒಂದು ರೇಟು ಬಂದು ಅವನು 'ಆಯ್ತು, ತಗೊಳ್ಳಿ' ಅಂದನೋ, ತಗೊಳ್ಳಲೇಬೇಕು. ಆಮೇಲೆ ಬೇಡ ಅಂದರೆ ಅವನ ವ್ಯಾಪಾರಕ್ಕೆ ಅವಮಾನ. ಅದರಲ್ಲೂ ಬೆಳಗಿನ ಬೋಣಿ ಹೊತ್ತಿನಲ್ಲಿ ಹಾಗೆ ಮಾಡಿದರೆ ಅವನಿಗೆ ದಿನವಿಡೀ ಮನಸ್ಸಿಗೆ ಕಸಿವಿಸಿ. ಅದಕ್ಕೇ ಬೇಡದ ವಸ್ತುವಿಗೆ ಸುಮ್ಮನೆ ಬಾಯಿಮಾತಿಗೂ ಬೆಲೆ ಹೇಳಬಾರದು. ಅರ್ಧ ಬೆಲೆಗೆ ಕೇಳಿ ಓಡಿಹೋಗುವ ಗಿರಾಕಿಗಳನ್ನು ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ. "ಅವ್ರು ಯಾಪಾರ ಮಾಡಕ್ಕೆ ಬಂದಿಲ್ಲ ಕಣಮ್ಮಿ, ಆಟ ಆಡಕ್ಕೆ ಬಂದವ್ರೆ" ಅನ್ನುತ್ತಿದ್ದರು.

ಇಷ್ಟು ಹೇಳಿದ ಮೇಲೆ ಕಳೆದ ವರ್ಷದ ಮಾತಿಗೆ ಬರುತ್ತೇನೆ. ನಾದಿನಿಯ ಮಗಳಿಗೆ ಮದುವೆ ಗೊತ್ತಾಯಿತು. ಸೋದರಮಾವನ ಕಡೆಯಿಂದ ಹುಡುಗಿಗೆ ರೇಷ್ಮೆ ಸೀರೆ ಕೊಡುವುದು ನಮ್ಮಲ್ಲಿ ಪದ್ಧತಿ. ಸೋದರಮಾವಂದಿರು ಇಬ್ಬರು, ನನ್ನ ಗಂಡ ಮತ್ತು ನನ್ನ ಮೈದುನ. ಸೀರೆ ಒಂದೇ, ದುಡ್ಡು ಇಬ್ಬರದೂ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತರುವುದು ಅಂತಾಯಿತು. ನಾನು ಪಾಠ ಹೇಳುವ ಶಾಲೆಗೆ ರಜೆ ಹಾಕಿ, ಚೀಲ ಒಗೆದು, ಯಾವ ರೈಲು ಅಂತ ನೋಡಿ ಎಲ್ಲ ತಯಾರಾಗಿದ್ದೆ. ಅತ್ತೆ ಊಟದ ತಟ್ಟೆಯ ಮುಂದೆ ಕೂತು, ತಲೆ ಎತ್ತದೆ ಹೇಳಿದರು: "ಈ ಸಲ ಚಿಕ್ಕೋಳೂ ಬರ್ಲಿ. ಮಾತಾಡದು ಅವ್ಳೇ ಮಾತಾಡ್ಲಿ."

ಮಾತಾಡುವುದು ಅವಳೇ!

"ಯಾಕತ್ತೆ? ನಾನು ಮಾತಾಡಿದರೆ ಏನಾಗುತ್ತೆ?" ಅಂದೆ.

"ಏನೂ ಆಗಕಿಲ್ಲ. ಅವ್ಳ ಗಂಡನ್ ದುಡ್ಡೂ ಅದೆ ಅಲ್ವಾ" ಅಂದರು. ದುಡ್ಡಿನ ಮಾತು ನೆಪ ಅಂತ ನನಗೆ ಗೊತ್ತಾಯಿತು. ಅತ್ತೆಯ ಜೊತೆ ಅಷ್ಟು ವರ್ಷ ಪೇಟೆ ತಿರುಗಿದವಳಿಗೆ ನೆಪ ಯಾವುದು ನಿಜ ಯಾವುದು ಅಂತ ತಿಳಿಯದೆ ಇರುತ್ತದೆಯೇ? ಆದರೆ ನಿಜ ಏನು ಅಂತ ಮಾತ್ರ ತಿಳಿಯಲಿಲ್ಲ. ಭಾಷೆಯನ್ನೂ ಅವಳಿಗೆ ಹೇಳಿಕೊಟ್ಟಿರಬೇಕು ಅಂತ ಅನುಮಾನ ಬಂತು. ಆ ರಾತ್ರಿ ಸಾರಿಗೆ ಉಪ್ಪು ಹೆಚ್ಚಾಯಿತು. ಬೇಕಂತ ಹಾಕಿದ್ದಲ್ಲ.

ಬೆಳಗಿನ ರೈಲಿನಲ್ಲಿ ಮೂವರೂ ಹೊರಟೆವು. ಅತ್ತೆ ನಡುವೆ ಕೂತರು. ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅವಳು. ರಾಮನಗರ ದಾಟುವವರೆಗೂ ಅವಳು ಮೊಬೈಲಿನಲ್ಲಿ ರೇಷ್ಮೆ ಸೀರೆಗಳ ಬೆಲೆ ನೋಡುತ್ತ, ಅತ್ತೆಗೆ ತೋರಿಸುತ್ತ ಬಂದಳು. "ನೋಡಿ ಅತ್ತೆ, ಈ ಥರದ್ದು ಆನ್‌ಲೈನಲ್ಲಿ ಇಷ್ಟು. ಅಂಗಡೀಲಿ ಇದಕ್ಕಿಂತ ಜಾಸ್ತಿ ಕೊಡಂಗಿಲ್ಲ." ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ಬಗ್ಗಿ ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಪರದೆಯಲ್ಲಿ ಸೀರೆ ನೋಡಿದರೆ ಜರಿ ತಿಳಿಯುತ್ತದೆಯೇ, ಕೈಗೆ ಭಾರ ತಿಳಿಯುತ್ತದೆಯೇ? ಕೇಳಬೇಕೆನಿಸಿತು, ಕೇಳಲಿಲ್ಲ. ಕೇಳಿದ್ದರೆ ಹೊಟ್ಟೆಕಿಚ್ಚು ಅಂತ ತಿಳಿದುಬಿಡುತ್ತಿತ್ತು.

ಮೆಜೆಸ್ಟಿಕ್ಕಿನಲ್ಲಿ ಇಳಿದು ಹೊರಗೆ ಬಂದರೆ ಆಟೋದವರು ಮುತ್ತಿಕೊಂಡರು. ಚಿಕ್ಕಪೇಟೆ ಅಂದ ಕೂಡಲೇ ಒಬ್ಬ ಮುನ್ನೂರು ಅಂದ. ನಾನಾಗಿದ್ದರೆ ಅವನ ಜೊತೆ ವಾದಕ್ಕೆ ನಿಂತು, ಅರ್ಧಕ್ಕೆ ಇಳಿಸಿ, ಗೆದ್ದೆ ಅಂದುಕೊಂಡು ಹತ್ತುತ್ತಿದ್ದೆ. ಅವಳು ವಾದಕ್ಕೇ ಹೋಗಲಿಲ್ಲ. "ಬೇಡಣ್ಣ, ಮೆಟ್ರೋದಲ್ಲಿ ಮುಂದಿನ ಸ್ಟಾಪೇ ಅದು" ಅಂದು ಅತ್ತೆಯ ಕೈ ಹಿಡಿದು ನಡೆದೇಬಿಟ್ಟಳು. ಚಿಲ್ಲರೆ ಕಾಸಿನಲ್ಲಿ ಚಿಕ್ಕಪೇಟೆಯಲ್ಲಿದ್ದೆವು. ಎಸ್ಕಲೇಟರಿನಲ್ಲಿ ಅತ್ತೆ ಹಿಡಿದುಕೊಂಡದ್ದು ಅವಳ ಕೈಯನ್ನು. ನಾನು ಖಾಲಿ ಚೀಲಗಳನ್ನು ಹಿಡಿದು ಹಿಂದೆ ನಿಂತಿದ್ದೆ, ಮದುವೆಮನೆಗೆ ಬಂದ ದೂರದ ನೆಂಟರ ಹಾಗೆ.

ಚಿಕ್ಕಪೇಟೆ ಗಲ್ಲಿಯಲ್ಲಿ ಹೆಜ್ಜೆ ಇಡಲು ಜಾಗವಿರಲಿಲ್ಲ. ತಲೆಯ ಮೇಲೆ ಬಟ್ಟೆಯ ಬೇಲು ಹೊತ್ತವರು, ನಡುವೆ ಸ್ಕೂಟರು, ಎರಡೂ ಕಡೆ ಕೂಗುವವರು. ನಮ್ಮ ನೆರೆಮನೆಯವರು ಹೇಳಿದ್ದ ಒಂದು ಅಂಗಡಿಯನ್ನು ಹುಡುಕುತ್ತಿದ್ದೆವು. ಒಬ್ಬ ಮನುಷ್ಯ ಎಲ್ಲಿಂದಲೋ ಬಂದು ಪಕ್ಕದಲ್ಲೇ ನಡೆಯಲು ಶುರುಮಾಡಿದ. "ಯಾವ ಅಂಗಡಿ ಅಮ್ಮ? ಅದಾ? ಅದು ಇವತ್ತು ಬಂದ್. ಬನ್ನಿ, ಫ್ಯಾಕ್ಟರಿ ರೇಟಿಗೆ ಕೊಡೋ ಅಂಗಡಿ ತೋರಿಸ್ತೀನಿ." ಅಂಥವರು ಕರೆದುಕೊಂಡು ಹೋದ ಕಡೆ ಅವರ ಕಮಿಷನ್ನೂ ನಮ್ಮ ಸೀರೆಯ ಬೆಲೆಗೇ ಸೇರುತ್ತದೆ ಅಂತ ನನಗೆ ಗೊತ್ತು. ಬೇಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಫೋನ್ ಕಿವಿಗೆ ಹಿಡಿದಿದ್ದಳು. "ಇರಿ ಅಣ್ಣ, ಅಂಗಡಿಗೇ ಫೋನ್ ಮಾಡಿ ಕೇಳ್ತೀನಿ... ಹಲೋ, ತೆಗ್ದಿದೀರಾ? ಸರಿ ಸರಿ, ಬಂದ್ವಿ." ತಿರುಗಿ ನೋಡಿದರೆ ಆ ಮನುಷ್ಯ ಮಾಯ.

ಅತ್ತೆ ನಕ್ಕರು. ಬಾಯಿ ತುಂಬ ನಕ್ಕರು. "ಭಲೇ ಹೆಣ್ಣು ಕಣಮ್ಮಿ ನೀನು" ಅಂದರು. ಆ 'ಕಣಮ್ಮಿ' ನನ್ನದು. ಅದನ್ನು ನಡುಬೀದಿಯಲ್ಲಿ ಅವಳಿಗೆ ಕೊಟ್ಟುಬಿಟ್ಟರಲ್ಲ ಅಂತ ನನ್ನ ಎದೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು. ನಿಜ ಹೇಳುತ್ತೇನೆ, ಅವಳು ಆ ದಲ್ಲಾಳಿಯ ಮಾತಿಗೆ ಮರುಳಾಗಿ, ನಾವು ಮೂವರೂ ಚೆನ್ನಾಗಿ ಮೋಸಹೋಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಂಗಡಿಯಲ್ಲಿ ಬಿಳಿ ಹಾಸಿನ ಮೇಲೆ ಕೂತೆವು. ಅತ್ತೆಗೆ ಮಂಡಿ ನೋವು ಅಂತ ಒಂದು ಸ್ಟೂಲು ಕೊಟ್ಟರು, ಕೇಳದಿದ್ದರೂ ಕಾಫಿ ಬಂತು. ಕಾಫಿ ಕುಡಿದರೆ ಕೊಳ್ಳಲೇಬೇಕು ಅಂತೇನಿಲ್ಲ, ಆದರೆ ಕುಡಿದವರಿಗೆ ಏಳಲು ಮುಜುಗರವಾಗುತ್ತದೆ, ಅದು ಅವರಿಗೂ ಗೊತ್ತು. ಸೀರೆ ತೋರಿಸುವವನು ಒಂದಾದ ಮೇಲೊಂದು ಬಿಚ್ಚಿ ಹರವಿದ. ಗಲ್ಲಾದಲ್ಲಿ ಕೂತ ಯಜಮಾನ ಅವನಿಗೆ ನಡುನಡುವೆ ಇನ್ಯಾವುದೋ ಭಾಷೆಯಲ್ಲಿ ಒಂದೊಂದು ಮಾತು ಎಸೆಯುತ್ತಿದ್ದ. ಅವರಿಗೂ ಅವರದೇ ಗುಟ್ಟು ಇರುತ್ತದೆ. ನಾನು ಅವರನ್ನು ದೂರುವುದಿಲ್ಲ.

ನಾನು ಅತ್ತೆಯ ಬಾಯನ್ನೇ ನೋಡುತ್ತಿದ್ದೆ. ಅವರು ಈಗ ಏನನ್ನುತ್ತಾರೆ, ಅದಕ್ಕೆ ಅವಳು ಹೇಗೆ ತಿರುಗುತ್ತಾಳೆ? ಅದರಿಂದ ನನಗೆ ಎಲ್ಲ ತಿಳಿಯುತ್ತಿತ್ತು.

ಒಂದು ಕುಂಕುಮಗೆಂಪು ಸೀರೆ ಬಂತು. ಅಗಲ ಅಂಚು, ಒಡಲಲ್ಲಿ ಸಣ್ಣ ಬುಟ್ಟಾ, ಸೆರಗು ಎತ್ತಿದರೆ ಕೈಗೆ ಭಾರ. ಅತ್ತೆ ಬೆರಳಿನಲ್ಲಿ ಒಮ್ಮೆ ಮುಟ್ಟಿ, ಕೈ ಹಿಂದಕ್ಕೆ ತೆಗೆದು, ಮುಖ ಸಿಂಡರಿಸಿ ಹೇಳಿದರು: "ಬಣ್ಣ ಬುಡ್ತದೇನೋ."

ಅವಳು ಏನು ಮಾಡಿದಳು ಗೊತ್ತೇ? ಸೀರೆಯನ್ನು ಎರಡೂ ಕೈಯಿಂದ ದೂರ ತಳ್ಳಿ, "ಅಯ್ಯೋ, ಬಣ್ಣ ಬಿಡೋದು ಯಾರಿಗೆ ಬೇಕು? ತೆಗೀರಿ ಇದನ್ನ, ಬೇರೆ ತೋರ್ಸಿ" ಅಂದಳು. ಸೀರೆಯವನು ಎಷ್ಟು ಹೇಳಿದರೂ ಕೇಳಲಿಲ್ಲ. "ಬ್ಯಾಡ ಅಂದ್ನಲ್ಲ!" ಅಂತ ಗದರಿದಳು ಕೂಡ.

ಅವಳಿಗೆ ಗೊತ್ತಿರಲಿಲ್ಲ! ಅತ್ತೆ ಹೇಳಿಕೊಟ್ಟಿರಲಿಲ್ಲ! ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ನಾನು ನನ್ನ ಮಕ್ಕಳು ಪಾಸಾದಾಗಲೂ ಕಂಡಿಲ್ಲ. ಅತ್ತೆ ನನ್ನ ಕಡೆ ನೋಡಿದರು. ನಾನು ಕಾಫಿ ಲೋಟದೊಳಗೆ ನೋಡಿದೆ. ಮಾತಾಡುವವಳು ಅವಳು ತಾನೇ, ಮಾತಾಡಲಿ.

ಆಮೇಲೆ ಒಂದು ಹಸಿರು ಸೀರೆ ಬಂತು. ಅವಳಿಗೆ ಅದು ಹಿಡಿಸಿತು, ಹಿಡಿಸಿದ್ದು ಮುಖದ ತುಂಬ ಕಾಣುತ್ತಿತ್ತು. "ಅತ್ತೆ, ಹೆಂಗೈತೆ?" ಅಂತ ಕೇಳಿದಳು.

ಅತ್ತೆ ತಲೆಯಾಡಿಸಿದರು. "ಲಕ್ಸಣವಾಗೈತೆ."

ಲಕ್ಷಣವಾಗಿದೆ ಅಂದರೆ ಬೇಡ, ಏಳು ಅಂತ. ಆದರೆ ಅವಳು ಅದನ್ನು ಒಪ್ಪಿಗೆ ಅಂತಲೇ ತಿಳಿದಳು. ಅತ್ತೆಗೆ ಇಷ್ಟವಾಯಿತು ಅಂತ ಹಿಗ್ಗಿ ಮೊಬೈಲು ತೆಗೆದು ಮುಂದಕ್ಕೆ ಬಾಗಿದಳು. ಅವನು ಹದಿನೈದು ಸಾವಿರ ಅಂದ. ಇವಳು ಅಂಥದೇ ಸೀರೆಯ ಚಿತ್ರ ತೋರಿಸಿದಳು. ಅವನು ಅದು ಬೇರೆ ನೂಲು ಅಂದ. ಇವಳು ಹಾಗಾದರೆ ರೇಷ್ಮೆ ಗುರುತಿನ ಚೀಟಿ ತೋರಿಸಿ ಅಂದಳು, ಅವನು ತೋರಿಸಿದ. ಚೆನ್ನಾಗಿಯೇ ಹಿಡಿದಳು, ಸುಳ್ಳು ಹೇಳಬಾರದು. ಅವನು ಹದಿಮೂರಕ್ಕೆ ಇಳಿದ, ಹನ್ನೆರಡಕ್ಕೆ ಬಂದ.

"ಬಸ್ಸು ಎಷ್ಟೊತ್ಗಮ್ಮಿ?" ಅಂದರು ಅತ್ತೆ. ಧ್ವನಿಯಲ್ಲಿ ಗಾಬರಿಯಿತ್ತು.

"ನಾವು ಬಂದಿದ್ದು ರೈಲಲ್ಲಿ ಅತ್ತೆ! ಸಂಜೆಗಂಟ ಬೇಜಾನ್ ಟೈಮೈತೆ, ನೀವು ಆರಾಮಾಗಿ ಕುಂತ್ಕೊಳಿ" ಅಂದವಳೇ ಅವನ ಕಡೆ ತಿರುಗಿ, "ನೋಡಿ, ಹನ್ನೊಂದು ಸಾವ್ರ. ಕೊಡಂಗಿದ್ರೆ ಈಗ್ಲೇ ಕೊಡಿ" ಅಂದುಬಿಟ್ಟಳು.

ಯಜಮಾನ ಗಲ್ಲಾದಿಂದಲೇ ಕೈಯಾಡಿಸಿದ. "ಆಯ್ತಮ್ಮ, ತಗೊಳ್ಳಿ. ಬೆಳಗ್ಗೆ ಮೊದಲನೇ ವ್ಯಾಪಾರ ನಿಮ್ದೇ, ಬೋಣಿ."

ಸೀರೆಯವನು ಹಸಿರು ಸೀರೆ ಮಡಿಸಲು ಶುರುಮಾಡಿದ. ಅವಳು ಗೆದ್ದ ಮುಖದಲ್ಲಿ ನಮ್ಮಿಬ್ಬರನ್ನೂ ನೋಡಿದಳು. ಅತ್ತೆಯ ಮುಖ ಬಿಳುಚಿಕೊಂಡಿತ್ತು. ಮೊಮ್ಮಗಳು ಹಸೆಮಣೆಯಲ್ಲಿ ತನಗೆ ಇಷ್ಟವಿಲ್ಲದ ಸೀರೆಯಲ್ಲಿ ಕೂರಬೇಕು, ಇಲ್ಲವೇ ತನ್ನ ಮನೆಯ ಸೊಸೆ ಬೋಣಿ ಹೊತ್ತಿನಲ್ಲಿ ಕೊಟ್ಟ ಮಾತು ಮುರಿಯಬೇಕು. ಎರಡೂ ಅವರಿಂದ ಆಗದು. ಬಾಯಿಬಿಟ್ಟು ಬೇಡ ಅಂದರೆ ಅಂಗಡಿಯ ನಡುವೆ ಚಿಕ್ಕ ಸೊಸೆಗೆ ಅವಮಾನ, ಅದೂ ಅವರಿಂದ ಆಗದು. ಅವರು ನನ್ನನ್ನೇ ನೋಡುತ್ತಿದ್ದರು.

ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಆ ಹಸಿರು ಸೀರೆ ಎಷ್ಟು ಮದುವೆಗಳಲ್ಲಿ ಎದ್ದು ಬಂದರೂ, ಇದನ್ನು ತಂದವಳು ಚಿಕ್ಕ ಸೊಸೆ ಅಂತ ಅತ್ತೆ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದರು. ಅದರ ರುಚಿ ನನ್ನ ನಾಲಿಗೆಗೆ ಬಂದಿತ್ತು. ಆದರೆ ಅತ್ತೆ ಹಾಗೆ ನನ್ನ ಕಡೆ ನೋಡಿ ಎಷ್ಟು ದಿನವಾಗಿತ್ತು! ಆ ನೋಟಕ್ಕೆ ನಾನು ಸೋತೆ.

ಲೋಟ ಕೆಳಗಿಟ್ಟು ಯಜಮಾನನಿಗೇ ಹೇಳಿದೆ: "ನೋಡಿ ಯಜಮಾನ್ರೇ, ನಮ್ಮ ಹುಡುಗಿ ಮಾತು ಕೊಟ್ಟಾಯ್ತು. ಬೋಣಿ ಕೆಡಿಸಲ್ಲ, ನಿಮ್ಮ ಅಂಗಡಿಯಲ್ಲೇ ತಗೋತೀವಿ. ಆದ್ರೆ ಹಸಿರು ಸೀರೆ ಮದುವೆ ಹೆಣ್ಣಿನ ಹತ್ರ ಆಗ್ಲೇ ಇದೆ. ಹುಡುಗಿ ಮರೆತಿದ್ಲು. ಇದರ ಬದಲು ಆ ಕೆಂಪಿದ್ಯಲ್ಲ, ಮೂಲೆಗೆ ಹಾಕಿದ್ರಲ್ಲ, ಅದನ್ನ ಇದೇ ರೇಟಿಗೆ ಕಟ್ಟಿ."

"ಅಯ್ಯೋ ಮೇಡಂ, ಅದು ಹದಿನೇಳು ಸಾವಿರದ ಮಾಲು!"

"ಹದಿನೇಳು ಸಾವಿರದ ಮಾಲನ್ನ ನಮ್ಮ ಹುಡುಗಿ ಕೈಯಲ್ಲಿ ಮುಟ್ಟೋಕೂ ಒಪ್ಪಲಿಲ್ಲ, ನೀವೇ ನೋಡಿದ್ರಿ. ಬಣ್ಣ ಬಿಡುತ್ತೆ ಅಂತ ನಮ್ಮತ್ತೆಗೆ ಅನುಮಾನ. ನಾನು ಧೈರ್ಯ ಮಾಡಿ ಕೇಳ್ತಾ ಇದೀನಿ. ಬೇಡ ಅಂದ್ರೆ ಬಿಡಿ."

ಅವನು ನನ್ನನ್ನು ನೋಡಿದ, ಅತ್ತೆಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಅವಳ ಮುಖದಲ್ಲಿ ಆ ಕೆಂಪು ಸೀರೆಯ ಮೇಲಿನ ತಾತ್ಸಾರ ಹಾಗೇ ಇತ್ತು. "ಅಕ್ಕ, ಅದ್ಯಾಕಕ್ಕ? ಬಣ್ಣ ಬುಡ್ತದೆ ಅಂತ ಅತ್ತೇನೇ ಅಂದ್ರಲ್ಲ!" ಅಂತ ಅವಳು ನನ್ನ ತೋಳು ಹಿಡಿದು ಎಳೆದಳು, ಕಣ್ಣಲ್ಲಿ ನೀರು ಬರುವಷ್ಟು ನಿಜವಾಗಿ. ಅದನ್ನು ಕಂಡ ಮೇಲೆ ಯಜಮಾನನಿಗೆ ಇನ್ನು ಈ ಸೀರೆ ಈ ಜನಕ್ಕೆ ಹೋಗುವುದಿಲ್ಲ ಅನಿಸಿರಬೇಕು. ಹನ್ನೆರಡು ಅಂದ. ನಾನು ಅತ್ತೆಯ ಕಡೆ ನೋಡಿದೆ. ಅವರು ಬಸ್ಸಿನ ಮಾತು ಎತ್ತಲಿಲ್ಲ. ಅಂದರೆ ಸಾಕು, ಹೆಚ್ಚು ಎಳೆಯಬೇಡ ಅಂತ. ಹನ್ನೊಂದೂವರೆಗೆ ಮುಗಿಯಿತು.

ಕಟ್ಟುವ ಮೊದಲು ಸೀರೆಯನ್ನು ಬಾಗಿಲ ಬೆಳಕಿಗೆ ಒಯ್ದು ಪೂರ್ತಿ ಬಿಚ್ಚಿ ನೋಡಿದೆ. ಎಲ್ಲೂ ಹರಿದಿರಲಿಲ್ಲ, ಕಲೆ ಇರಲಿಲ್ಲ. ಸೆರಗಿನ ಕುಚ್ಚಿನಿಂದ ಒಂದು ಜರಿ ಎಳೆ ತೆಗೆದು ಉಗುರಿನಲ್ಲಿ ಕೆರೆದಾಗ ಒಳಗೆ ಕೆಂಪು ನೂಲು ಕಂಡಿತು, ಅಂದರೆ ಜರಿ ಅಸಲಿ. ಬಿಲ್ಲು ಬೇಡ ಅಂದರೆ ಇನ್ನೂ ಸ್ವಲ್ಪ ಬಿಡುತ್ತೇನೆ ಅಂದ ಯಜಮಾನ. ಬಿಲ್ಲು ಇಲ್ಲದಿದ್ದರೆ ನಾಳೆ ಬದಲಾಯಿಸಲು ಬಂದಾಗ ನಮ್ಮ ಮುಖದ ಗುರುತೇ ಇವರಿಗೆ ಸಿಗುವುದಿಲ್ಲ. ಬಿಲ್ಲು ಹಾಕಿಸಿದೆ. ಕೊಸರು ಅಂತ ತಾಂಬೂಲಕ್ಕೆ ಎರಡು ರವಿಕೆ ಕಣ ಕೇಳಿದೆ, ನಗುತ್ತಾ ಕೊಟ್ಟ. ವ್ಯಾಪಾರ ಮುಗಿದ ಮೇಲೆ ನಗುತ್ತಾ ಕೊಡುವವನು, ನಗುತ್ತಾ ಕೇಳುವವರು, ಇದೇ ಸರಿ. ನಾನು ಅಂಗಡಿಯಿಂದ ಹೊರಗೆ ಬಂದಾಗ ಚಿಕ್ಕಪೇಟೆಯೇ ನನ್ನದು ಅನ್ನುವ ಹಾಗೆ ನಡೆಯುತ್ತಿದ್ದೆ.

ಆ ನಡಿಗೆ ಗಲ್ಲಿಯ ತಿರುವಿನವರೆಗೂ ಉಳಿಯಲಿಲ್ಲ.

ಅತ್ತೆ ಇದ್ದಕ್ಕಿದ್ದ ಹಾಗೆ ನಗಲು ಶುರುಮಾಡಿದರು. ಗೋಡೆ ಹಿಡಿದುಕೊಂಡು ನಕ್ಕರು. "ಅವ್ಳು ಸೀರೆನ ತಳ್ಳಿದ್ ನೋಡ್ದಾ? ನಾವು ಇಷ್ಟು ವರ್ಸದಿಂದ ಮೂತಿ ಸಿಂಡರಿಸ್ತೀವಿ, ಅಂಗೆ ತಳ್ಳಕ್ಕೆ ನಮಗೆ ಬತ್ತದಾ? ನಿಜವಾಗ್ಲೂ ಬ್ಯಾಡ ಅನ್ನೋಳ್ನ ಕಂಡೇ ಅವ್ನು ಇಳ್ದಿದ್ದು ಕಣಮ್ಮಿ!"

ನಿಜವಿತ್ತು. ನಾನು ಅಷ್ಟು ವರ್ಷ ನಟಿಸಿ ನಟಿಸಿ ಕಲಿತದ್ದನ್ನು ಅವಳು ಏನೂ ಗೊತ್ತಿಲ್ಲದೆ ನನಗಿಂತ ಚೆನ್ನಾಗಿ ಮಾಡಿದ್ದಳು. ಸೀರೆ ಗೆದ್ದವಳು ನಾನು, ನಗು ಗೆದ್ದವಳು ಅವಳು. ಅವಳಿಗೆ ಏನೂ ಅರ್ಥವಾಗದೆ "ಯಾಕತ್ತೆ ನಗ್ತೀರಿ? ನಾನೇನು ಮಾಡ್ದೆ?" ಅಂತ ಕೇಳುತ್ತಿದ್ದಳು. ಅವಳು ಹಾಗೆ ಕೇಳಿದಷ್ಟೂ ಅತ್ತೆಗೆ ನಗು ಹೆಚ್ಚಾಗುತ್ತಿತ್ತು. ನಾನು ಸೀರೆಯ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದೆ ಮುಂದೆ ನಡೆದೆ.

ಸಂಜೆ ರೈಲಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತೆವು. ಅತ್ತೆ ಮಂಡಿ ನೀವಿಕೊಳ್ಳುತ್ತಿದ್ದರು. ಅವಳು ಸುಮ್ಮನಿರದೆ ಮತ್ತೆ ಅದನ್ನೇ ಎತ್ತಿದಳು. "ಅಲ್ಲ ಅತ್ತೆ, ಬಣ್ಣ ಬುಡ್ತದೆ ಅಂದಿದ್ದು ನೀವೇ. ಆಮ್ಯಾಕೆ ಅದನ್ನೇ ತಗೊಂಡ್ರಿ. ನಂಗೇನೂ ಅರ್ಥ ಆಗ್ಲಿಲ್ಲ."

"ಓಗು, ಒಂದು ಬಾಟ್ಲಿ ನೀರು ತಗೊಂಬಾ" ಅಂದರು ಅತ್ತೆ. ಅವಳು ಹೋದಳು.

ಅವಳು ಗುಂಪಿನಲ್ಲಿ ಮರೆಯಾಗುವವರೆಗೂ ನೋಡಿ ಅತ್ತೆ ನನಗೆ ಹೇಳಿದರು: "ಅವ್ಳಿಗೆ ನಮ್ಮ ಮಾತ ಯೋಳ್ಕೊಡಬೇಕು."

"ಯಾಕೆ?" ಅಂದೆ. ನನ್ನ ಧ್ವನಿ ನನಗೇ ಕಹಿಯಾಗಿ ಕೇಳಿಸಿತು. "ಅವಳಿಗೆ ಮೊಬೈಲಿದೆಯಲ್ಲ. ಅವಳು ಗೊತ್ತಿಲ್ಲದೆಯೇ ಅಷ್ಟು ಚೆನ್ನಾಗಿ ಮಾಡಿದ್ಲು ಅಂತ ನೀವೇ ಅಂದ್ರಿ. ನಮ್ಮದು ನಮ್ಮಲ್ಲೇ ಇರಲಿ."

"ನನ್ನ ಮಂಡಿ ಇನ್ನು ಇವೆಲ್ಲ ತಡಿಯಕಿಲ್ಲ. ಇವತ್ತಿಗೇ ಕಡೆ. ಇನ್ಮ್ಯಾಲೆ ಪ್ಯಾಟೆಗೆ ನಾ ಬರಕಿಲ್ಲ. ನೀವಿಬ್ರೇ ಓಗ್ಬೇಕು. ಅದ್ಕೇ ಅವ್ಳು ಎಂಗೆ ಅಂತ ನೋಡಣ ಅಂತ ಕರ್ಕೊಂಡ್ ಬಂದಿದ್ದು."

ಆ ಮಾತಿಗೆ ನಾನು ಅಳಬೇಕಿತ್ತೋ ಏನೋ. ಆದರೆ ಮೊದಲು ಬಂದದ್ದು ಉರಿಯೇ. "ಹಾಗಿದ್ದರೆ ನೀವೇ ಹೇಳಿಕೊಡಿ. ನಾನು ಹೇಳಲ್ಲ" ಅಂದೆ.

ಅತ್ತೆ ನನ್ನ ಕಡೆ ಪೂರ್ತಿ ತಿರುಗಿದರು. ಸಂತೆಯಲ್ಲಿ ಮೊರ ಮಾರುವವಳ ಮುಂದೆ ಕೂತಾಗ ಇರುತ್ತದಲ್ಲ, ಅಂಥ ಮುಖ. ಆ ಮುಖವನ್ನು ನಾನು ಅವರ ಪಕ್ಕದಲ್ಲಿ ಕೂತು ನೋಡಿದ್ದೆ, ಎದುರಿನಿಂದ ನೋಡಿದ್ದು ಅದೇ ಮೊದಲು.

"ನಾನು ಯೋಳ್ಕೊಟ್ರೆ ಅದು ನಂದೂ ಅವಳ್ದೂ ಆಯ್ತದೆ. ನೀನು ಯೋಳ್ಕೊಟ್ರೆ ನಿಂದೂ ಅವಳ್ದೂ ಆಯ್ತದೆ. ಯಾವ್ದು ತಡ್ಕೋತೀಯ ನೀನೇ ಯೋಳು. ಅಗೋ, ನೀರು ತಗೊಂಡು ಬತ್ತಾವ್ಳೆ."

ನಿಜಕ್ಕೂ ಬರುತ್ತಿದ್ದಳು. ಜನರ ನಡುವೆ ಬಾಟಲಿ ಎತ್ತಿ ಹಿಡಿದುಕೊಂಡು, ನಗುತ್ತಾ. ನನ್ನ ಹೊಟ್ಟೆಕಿಚ್ಚಿನ ಆಳ ಅಗಲ ಎಲ್ಲ ಅತ್ತೆಗೆ ಮೊದಲಿನಿಂದ ಗೊತ್ತಿತ್ತು ಅಂತ ನನಗೆ ಆಗ ಹೊಳೆಯಿತು. ಎಲ್ಲಿ ಹಿಡಿದರೆ ನಾನು ಇಳಿಯುತ್ತೇನೆ ಅಂತಲೂ ಗೊತ್ತಿತ್ತು. ಅತ್ತೆಯೂ ಅವಳೂ ತಲೆಗೆ ತಲೆ ಹಚ್ಚಿ ಪಿಸುಗುಡುವುದನ್ನು ನಾನು ದೂರದಲ್ಲಿ ಕೂತು ನೋಡುವುದೇ? ಅದು ನನ್ನಿಂದ ಸಾಧ್ಯವೇ ಇರಲಿಲ್ಲ.

"ನಾನೇ ಹೇಳ್ತೀನಿ" ಅಂದೆ.

"ಆಯ್ತು" ಅಂದರು ಅತ್ತೆ. ವ್ಯಾಪಾರ ಮುಗಿಯಿತು.

ರೈಲು ಕೆಂಗೇರಿ ದಾಟಿದ ಮೇಲೆ ಅವಳ ಕಿವಿಯ ಹತ್ತಿರ ಬಾಯಿ ತಂದು ಎಲ್ಲ ಹೇಳಿದೆ. ಬೇಕು ಅನ್ನುವುದಕ್ಕೆ ಏನು, ಬೇಡ ಅನ್ನುವುದಕ್ಕೆ ಏನು, ಬಸ್ಸಿನ ಹೊತ್ತು ಕೇಳಿದರೆ ಏನು ಅಂತ. ಒಂದನ್ನೂ ಬಿಡಲಿಲ್ಲ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನನ್ನ ಕೈ ಹಿಡಿದುಕೊಂಡು "ಅಯ್ಯೋ ಅಕ್ಕ, ಹಸಿರು ಸೀರೆ ನಾನು ತಗೊಂಡೇಬಿಡ್ತಿದ್ದೆ" ಅಂದಳು. ಅವಳ ಕೈ ಬೆಚ್ಚಗಿತ್ತು. ಬಿಡಿಸಿಕೊಳ್ಳಬೇಕು ಅನಿಸಿತು, ಬಿಡಿಸಿಕೊಳ್ಳಲಿಲ್ಲ.

ಆದರೆ ಹೇಳುವಷ್ಟು ಹೊತ್ತೂ ನಾನು ನೋಡುತ್ತಿದ್ದದ್ದು ಅವಳನ್ನಲ್ಲ, ಅತ್ತೆಯನ್ನು. ಅವರು ಹೊರಗೆ ನೋಡುತ್ತಾ ಕೂತಿದ್ದರು, ನಾವು ಆಡುತ್ತಿದ್ದ ಮಾತು ತಮಗೆ ಸಂಬಂಧಪಟ್ಟದ್ದೇ ಅಲ್ಲ ಅನ್ನುವ ಹಾಗೆ. ಒಂದು ಸಲವಾದರೂ ತಿರುಗಿ ನೋಡುತ್ತಾರೇನೋ, ನಾನು ಎಲ್ಲಾದರೂ ತಪ್ಪಿದರೆ ತಿದ್ದುತ್ತಾರೇನೋ ಅಂತ ಕಾದೆ. ಮದ್ದೂರು ಬರುವವರೆಗೂ ಅವರು ತಿರುಗಲಿಲ್ಲ.